ಎದುರು ಮನೆಯ ಬಾಗಿಲು

ಇವತ್ತು ಸಭೆ, ಧರಣಿ ವಿಷಯ ಅಲ್ಲ. ನಮ್ಮ ಬಿಲ್ಡಿಂಗ್‌ನ ಎರಡನೇ ಮಹಡಿ ವಿಷಯ. ನಾನು ಮಾಡಿದ ಒಂದು ತಪ್ಪೂ ಇದರಲ್ಲಿದೆ, ಅದಕ್ಕೇ ಬರೀತಿದ್ದೀನಿ.

ನಾಲ್ಕು ತಿಂಗಳ ಹಿಂದೆ ನಮ್ಮ ಎದುರು ಮನೆಗೆ ಹೊಸಬರು ಬಂದರು. ಗಂಡ, ಹೆಂಡತಿ, ಯುಕೆಜಿ ಓದೋ ಒಬ್ಬ ಮಗ. ಭಾನುವಾರ ಬೆಳಗ್ಗೆ ಟೆಂಪೋದಿಂದ ಸಾಮಾನು ಇಳಿಸ್ತಿದ್ದರು. ಬೀರು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ನಾನೂ ಹೋಗಿ ಒಂದು ಕೈ ಕೊಟ್ಟೆ. ಮಾತಾಡಿಸಿದೆ.

"ಯಾವ ಕಡೆಯವರು ಸರ್?"

"ಸಿಂಧನೂರು ಕಡೆಯವ್ರು ರೀ."

ನನಗೆ ಖುಷಿಯಾಯ್ತು. ಸಂಘಟನೆ ಕೆಲಸಕ್ಕೆ ಆ ಕಡೆ ನಾಲ್ಕಾರು ಸಲ ಓಡಾಡಿದ್ದೀನಿ. ಊರ ಹೆಸರು ಕೇಳಿದೆ, ಹೇಳಿದರು. ಆ ಊರಿಗೂ ಹೋಗಿದ್ದೆ. ಅದೇ ಹುಮ್ಮಸ್ಸಲ್ಲಿ, "ಅಲ್ಲಿ ನಿಮ್ಮದು ಯಾವ ಓಣಿ?" ಅಂದುಬಿಟ್ಟೆ.

ಆ ಮನುಷ್ಯನ ಮುಖ ಅಲ್ಲೇ ಮುಚ್ಚಿಕೊಳ್ತು. "ಅಲ್ಲೇ ರೀ ಸರ್, ಊರಾಗ" ಅಂದು ಬೀರು ತಳ್ಳಿಕೊಂಡು ಒಳಗೆ ಹೋದರು. ಬಾಗಿಲು ಹಾಕಿಕೊಂಡರು.

ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಹಳೇ ಮನೆ ಓನರ್ ನಮ್ಮನ್ನ ಕೇಳಿದ್ದೂ ಇದೇ ತಾನೇ?" ಅಂದಳು. ಅಷ್ಟೇ ಅಂದದ್ದು. ಅವತ್ತು ನನಗೆ ಊಟ ಸೇರಲಿಲ್ಲ.

ನಮಗೆ ಬಾಡಿಗೆ ಮನೆ ಹುಡುಕಿ ಗೊತ್ತಲ್ವಾ? ಯಾರೂ ನೇರವಾಗಿ ಜಾತಿ ಕೇಳಲ್ಲ. ಊರು ಯಾವುದು, ಊರಲ್ಲಿ ಯಾವ ಬೀದಿ, ಮನೆದೇವರು ಯಾವುದು, ವೆಜ್ಜಾ ನಾನ್‌ವೆಜ್ಜಾ, ತಂದೆ ಹೆಸರೇನು. ಒಂದೊಂದೂ ಸಾದಾ ಪ್ರಶ್ನೆಯೇ. ಎಲ್ಲ ಸೇರಿಸಿದರೆ ಒಂದೇ ಪ್ರಶ್ನೆ. ಬಾಬಾಸಾಹೇಬರು ಅಷ್ಟೆಲ್ಲ ಓದಿ ಬರೋಡಾಕ್ಕೆ ಕೆಲಸಕ್ಕೆ ಹೋದಾಗ ಇರೋಕೆ ಜಾಗ ಸಿಗದೆ, ಪಾರ್ಸಿ ಹೆಸರಿಟ್ಟುಕೊಂಡು ಪಾರ್ಸಿ ವಸತಿಗೃಹದಲ್ಲಿದ್ದರು. ಹನ್ನೊಂದನೇ ದಿನ ದೊಣ್ಣೆ ಹಿಡಿದು ಬಂದವರು ಕೇಳಿದ್ದೂ ನೀನು ಯಾರು ಅಂತಲೇ. ಇದನ್ನ ನೂರು ಸಭೆಯಲ್ಲಿ ಹೇಳಿರೋ ನಾನೇ ಮೆಟ್ಟಿಲ ಮೇಲೆ ನಿಂತು ಓಣಿ ಕೇಳಿದ್ದೆ.

ಇನ್ನೊಂದು ಸತ್ಯ ಹೇಳ್ತೀನಿ. ನಾನು ಕೇಳಿದ್ದು ಬರೀ ಊರಿನ ಪ್ರೀತಿಗಲ್ಲ. ಒಳಗೊಳಗೆ, ನಮ್ಮವರೇ ಇರಬಹುದಾ ಅನ್ನೋ ಆಸೆ ಇತ್ತು. ನಮ್ಮವರು ಅಂತ ಗೊತ್ತಾಗಿದ್ದರೆ ಎಡವಾ ಬಲವಾ ಅನ್ನೋದೂ ತಲೆಗೆ ಬರ್ತಿತ್ತೇನೋ. ಕೇಳೋನ ಉದ್ದೇಶ ಒಳ್ಳೇದು ಅಂತ ಕೇಳಿಸಿಕೊಳ್ಳೋನಿಗೆ ಹೇಗೆ ಗೊತ್ತಾಗಬೇಕು? ಅವರು ಮೇಲುಜಾತಿಯವರಾಗಿದ್ದರೆ ಅವರಿಗೆ ನಾನು ತಲೆಹರಟೆ. ನಮ್ಮವರಾಗಿದ್ದರೆ, ಮನೆ ಕೈತಪ್ಪಿಸೋಕೆ ಬಂದ ಓನರ್ ಕಡೆಯವನು.

ಹಾಗಾದ್ರೆ ಮುಂದೇನು? ಹೋಗಿ ಕ್ಷಮೆ ಕೇಳೋಣ ಅಂದೆ. ಬೇಡ ಅಂದಳು ಹೆಂಡತಿ. ಕ್ಷಮೆ ಕೇಳಿದ್ರೆ ಆ ಪ್ರಶ್ನೆಯನ್ನೇ ಮತ್ತೆ ಎತ್ತಿದ ಹಾಗೆ, ಆಗ ಅವರು ಏನಾದ್ರೂ ಉತ್ತರ ಕೊಡಲೇಬೇಕಾಗುತ್ತೆ ಅಂದಳು. ಸರಿ ಅನ್ನಿಸ್ತು.

ಪಾಯಸ ಮಾಡಿ ಕೊಟ್ಟುಬರೋಣವಾ ಅಂತಲೂ ಯೋಚನೆ ಬಂತು. ಅದೂ ಬೇಡ ಅಂದುಕೊಂಡ್ವಿ. ಹಿಂದಿನ ಮನೆಯಲ್ಲಿ ಪಕ್ಕದವರಿಗೆ ಹೋಳಿಗೆ ಕೊಟ್ಟಿದ್ವಿ. ಮಾರನೇ ಬೆಳಗ್ಗೆ ಅದೇ ಹೋಳಿಗೆ, ಕಟ್ಟಿಕೊಟ್ಟ ಪೇಪರ್ ಸಮೇತ, ಕಸದ ಬಕೆಟ್‌ನಲ್ಲಿ ನನ್ನ ಮಗಳ ಕಣ್ಣಿಗೇ ಬಿತ್ತು. ಮನೇಲಿ ಬೇಯಿಸಿದ್ದನ್ನ ಮೊದಲ ದಿನವೇ ಕೊಡೋದು ಅಂದ್ರೆ ಎದುರಿನವರಿಗೆ ಪರೀಕ್ಷೆ ಇಟ್ಟ ಹಾಗೆ. ತಿನ್ನದಿದ್ದರೆ ನಮಗೆ ನೋವು. ತಿಂದರೂ ಡಬ್ಬಿ ಖಾಲಿ ವಾಪಸ್ ಕೊಡಬಾರದು ಅಂತ ಅವರು ಏನಾದ್ರೂ ಮಾಡಬೇಕು. ಹೊಸ ಊರು, ಗಂಟು ಬಿಚ್ಚಿಲ್ಲ, ಅದರ ಮೇಲೆ ಈ ಸಾಲ ಬೇರೆ.

ಕೊನೆಗೆ ಮಾಡಿದ್ದು ಇಷ್ಟು. ಒಂದು ಚೀಟಿ ಬರೆದೆ. ಕಾವೇರಿ ನೀರು ಮಂಗಳವಾರ, ಶುಕ್ರವಾರ ಬೆಳಗ್ಗೆ 6ಕ್ಕೆ, ಬೇರೆ ದಿನ ಬೋರ್‌ವೆಲ್ ನೀರು, ಕುಡಿಯೋಕಾಗಲ್ಲ. ಕಸದ ಗಾಡಿ 7ಕ್ಕೆ, ಒಣ ಕಸ ಬುಧವಾರ, ಶನಿವಾರ ಮಾತ್ರ. ಪ್ಲಂಬರ್ ನಂಬರ್, ಎಲೆಕ್ಟ್ರಿಷಿಯನ್ ನಂಬರ್. ಕೆಳಗೆ ನಮ್ಮಿಬ್ಬರ ಹೆಸರು, ನನ್ನ ಹೆಂಡತಿ ಫೋನ್ ನಂಬರ್. ಅವರ ನಂಬರ್ ಕೇಳಲಿಲ್ಲ. ಬೇಕಾದರೆ ಅವರೇ ಮಾಡಲಿ ಅಂತ.

ಸೋಮವಾರ ಸಂಜೆ ಹೆಂಡತಿ ಹೋಗಿ ಬೆಲ್ ಮಾಡಿ, ಹೊಸ್ತಿಲಿಂದ ಎರಡು ಹೆಜ್ಜೆ ಹಿಂದೆ ನಿಂತಳು. ಆಕೆ ಬಾಗಿಲು ಒಂದು ಗೇಣು ತೆಗೆದರು. "ನಾಳೆ ಬೆಳಗ್ಗೆ ನೀರು ಬರುತ್ತೆ ಕಣಮ್ಮ, ಹಿಡ್ಕೊಳ್ಳಿ" ಅಂತ ಚೀಟಿ ಕೊಟ್ಟು ವಾಪಸ್ ಬಂದಳು. ಒಂದು ನಿಮಿಷವೂ ಆಗಿರಲಿಲ್ಲ. ಒಳಗೆ ಇಣುಕಲಿಲ್ಲ, ಸಾಮಾನೆಲ್ಲ ಜೋಡಿಸಿದ್ರಾ ಅಂತಲೂ ಕೇಳಲಿಲ್ಲ.

ಆಮೇಲೆ ನಾನು ಮೆಟ್ಟಿಲಲ್ಲಿ ಸಿಕ್ಕಾಗ ಕೇಳೋದು ಬಿಟ್ಟು ಹೇಳೋದು ಶುರು ಮಾಡಿದೆ. "ಇವತ್ತು ಆಫೀಸಲ್ಲಿ ಆಡಿಟ್ ಸರ್, ಸಾಕಾಯ್ತು" ಅನ್ನೋದು, ನಡೆದುಬಿಡೋದು. ಅವರು ಮಾತು ಮುಂದುವರಿಸಿದ್ರೆ ನಿಲ್ಲೋದು, "ಹೌದ್ರಿ" ಅಂತ ಮೊಬೈಲ್ ನೋಡಿದ್ರೆ ಅವತ್ತಿಗೆ ಅಷ್ಟೇ. ಎರಡು ವಾರ ಬರೀ "ಹೌದ್ರಿ". ಮೂರನೇ ವಾರ ಅವರೇ ನಿಂತು, "ಇಲ್ಲಿ ಜೋಳದ ಹಿಟ್ಟು ಎಲ್ಲಿ ಚಲೋ ಸಿಗ್ತದ್ರಿ ಸರ್?" ಅಂದರು. ನಮ್ಮನ್ನ ಒಂದು ವಿಷಯ ಕೇಳಿದರಲ್ಲ, ಬಾಗಿಲು ಅವರ ಕಡೆಯಿಂದಲೇ ಸ್ವಲ್ಪ ತೆಗೀತು ಅಂದುಕೊಂಡೆ.

ಎರಡು ತಿಂಗಳಾದ ಮೇಲೆ ಒಂದು ರಾತ್ರಿ 11ಕ್ಕೆ ಹೆಂಡತಿ ಫೋನ್ ರಿಂಗಾಯ್ತು. ಮಗನಿಗೆ ಜ್ವರ ಏರಿತ್ತು, ಗಂಡ ನೈಟ್ ಶಿಫ್ಟು. ಆಕೆ ಹುಡುಗನ್ನ ಎತ್ತಿಕೊಂಡು ನಮ್ಮ ಮನೆಗೇ ಬಂದರು. ನಾನು ಗಾಡಿ ಕೀ ಹುಡುಕ್ತಿದ್ದೆ. ಬಾಗಿಲಿಗೆ ಎದುರಾಗಿ ನಮ್ಮ ಗೋಡೆ ಮೇಲೆ ಬಾಬಾಸಾಹೇಬರ ದೊಡ್ಡ ಫೋಟೋ ಇದೆ. ಆಕೆ ಅದನ್ನ ಒಂದು ಗಳಿಗೆ ನೋಡಿದರು. ಏನೂ ಅನ್ನಲಿಲ್ಲ. "ಸ್ವಲ್ಪ ನೀರು ಕೊಡ್ರಿ ಅಕ್ಕಾ" ಅಂದರು. ಹೆಂಡತಿ ಲೋಟ ಕೊಟ್ಟಳು. ಮಗನಿಗೂ ಕುಡಿಸಿ, ಉಳಿದದ್ದನ್ನ ತಾವೂ ಕುಡಿದರು.

ಇದನ್ನ ಹೇಳಿದಾಗ ಒಬ್ಬ ಗೆಳೆಯ ಸಿಟ್ಟಾದ. "ಜಾತಿ ಮುಚ್ಚಿಡೋರಿಗೆ ನೀನೂ ಸಹಾಯ ಮಾಡ್ತಿದ್ದೀಯ, ನಾವು ಎದೆ ತಟ್ಟಿ ಹೇಳಬೇಕು" ಅಂದ. ನಾನು ಹೇಳ್ತೀನಿ ಕಣಪ್ಪ, ನನ್ನ ಗೋಡೆಯೇ ಹೇಳುತ್ತೆ. ಆದರೆ ಅದು ನನ್ನ ಗೋಡೆ. ಆಫೀಸಲ್ಲಿ ನಾನು ಬಾಯಿಬಿಡೋಕೆ ಹನ್ನೆರಡು ವರ್ಷ ಹಿಡೀತು. ಎದುರು ಮನೆಯವರ ಬಾಯಿ ಬಿಡಿಸೋ ಹಕ್ಕು ನನಗೆ ಯಾರು ಕೊಟ್ಟರು? ಅವರು ಮುಚ್ಚಿಡ್ತಿದ್ದಾರೆ ಅನ್ನೋದಾದ್ರೂ ನಮಗೆ ಹೇಗೆ ಗೊತ್ತು?

ಮೊನ್ನೆ ಆಕೆ ನಮ್ಮ ಮನೆಗೆ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟು ಹೋದರು. ಡಬ್ಬಿ ನಮ್ಮ ಅಡುಗೆಮನೆಯಲ್ಲೇ ಇದೆ. ಭಾನುವಾರ ನಮ್ಮಲ್ಲಿ ಕೋಳಿ ಸಾರು, ಮುದ್ದೆ. ಕೊಡೋದಾ ಬೇಡವಾ ಅಂತ ಇಬ್ಬರೂ ಯೋಚಿಸಿದ್ವಿ. ಕೊನೆಗೆ ಹೆಂಡತಿ ಫೋನ್ ಮಾಡಿ, "ಭಾನುವಾರ ನಮ್ಮನೇಲಿ ಕೋಳಿ ಮಾಡ್ತೀವಿ, ನಿಮಗೆ ಆಗುತ್ತಾ, ಇಲ್ಲಾ ಡಬ್ಬಿಗೆ ಹಣ್ಣು ಹಾಕಿ ಕೊಡಲಾ? ಯಾವುದಾದ್ರೂ ಸರಿ" ಅಂದಳು.

ಆ ಕಡೆಯಿಂದ ನಗು ಕೇಳಿಸ್ತು. "ಖಾರ ಜಾಸ್ತಿ ಹಾಕ್ರಿ ಅಕ್ಕಾ."

ಅವರ ಓಣಿ ಯಾವುದು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಜೈ ಭೀಮ್.