ಜ್ವರ ಬಿಟ್ಟ ಮೇಲೆ

ಮಳೆಗಾಲದಲ್ಲಿ ಕಾರ್ಕಳದ ಯಾವ ಮನೆಯ ಮಾತ್ರೆ ಡಬ್ಬಿ ತೆರೆದರೂ ಸಿಗುವ ಒಂದು ಸ್ಟ್ರಿಪ್ ಉಂಟು. ಅದರ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಐಬುಪ್ರೊಫೆನ್ 400 ಮಿ.ಗ್ರಾಂ., ಪ್ಯಾರಾಸಿಟಮಾಲ್ 325 ಮಿ.ಗ್ರಾಂ. ಎಂದು ಬರೆದಿರುತ್ತದೆ. ಅದನ್ನು ಓದುವವರು ಕಡಿಮೆ. ಜ್ವರಕ್ಕೂ ಅದೇ, ಮಂಡಿನೋವಿಗೂ ಅದೇ. ಔಷಧಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿರುವ ನನಗೆ ಈ ಎರಡು ಹೆಸರುಗಳ ನಡುವಿನ ವ್ಯತ್ಯಾಸ ಪಾಠದ ವಿಷಯ. ನನ್ನ ದೊಡ್ಡಮ್ಮನಿಗೆ ಅದು ಐದು ದಿನದ ಆಸ್ಪತ್ರೆ ವಾಸ.

ದೊಡ್ಡಮ್ಮನಿಗೆ 76 ವರ್ಷ, ತೂಕ 48 ಕೆ.ಜಿ. ಬಿ.ಪಿ.ಗೆ ದಿನಕ್ಕೊಂದು ಮಾತ್ರೆ. ಅದರೊಳಗೆ ಟೆಲ್ಮಿಸಾರ್ಟಾನ್ ಜೊತೆ ಮೂತ್ರ ಹೆಚ್ಚಿಸುವ ಹೈಡ್ರೊಕ್ಲೋರೊಥಯಾಜೈಡ್ ಕೂಡ ಸೇರಿತ್ತು. ಜುಲೈಯ ಒಂದು ದಿನ ಜ್ವರ ಬಂತು, ಜೊತೆಗೆ ಭೇದಿ. ಮೊದಲ ದಿನವೇ ಏಳೆಂಟು ಸಲ ಹೋದರು. ಅಣ್ಣ ಅಂಗಡಿಗೆ ಹೋಗಿ ಜ್ವರ, ಮೈಕೈ ನೋವು ಎಂದ. ಆ ಸ್ಟ್ರಿಪ್ ಕೈಗೆ ಬಂತು. ದಿನಕ್ಕೆ ಮೂರರಂತೆ ಎರಡು ದಿನ ನುಂಗಿದರು. ಬಿ.ಪಿ. ಮಾತ್ರೆಯನ್ನೂ ತಪ್ಪಿಸಲಿಲ್ಲ. ಮೂರನೆಯ ದಿನ ಫೋನಿನಲ್ಲಿ, "ಜ್ವರ ಬಿಟ್ಟಿತು ಮಗಾ, ಎಂತದೋ ಸುಸ್ತು ಮಾತ್ರ" ಎಂದರು. ಮೂತ್ರ ಹೇಗೆ ಹೋಗುತ್ತಿದೆ ಎಂದು ಕೇಳಿದೆ. "ಬೆಳಿಗ್ಗೆ ಒಂದು ಸಲ, ಸ್ವಲ್ಪ. ಚಹಾದ ಬಣ್ಣ." ಆಗ ಸಂಜೆ ನಾಲ್ಕು ಗಂಟೆ.

ಈ ಉತ್ತರ ನನ್ನನ್ನು ಹೆದರಿಸಿತು. ಮೂತ್ರಪಿಂಡದ ಪ್ರತಿಯೊಂದು ಸೋಸುವ ಗುಚ್ಛಕ್ಕೂ ರಕ್ತ ಒಳಬರುವ ಒಂದು ಸಣ್ಣ ನಾಳ, ಹೊರಹೋಗುವ ಇನ್ನೊಂದು ನಾಳ ಇರುತ್ತವೆ. ಸೋಸಬೇಕಾದರೆ ಇವೆರಡರ ನಡುವೆ ಒತ್ತಡ ನಿಲ್ಲಬೇಕು. ಭೇದಿಯಿಂದ ನೀರು ಕಡಿಮೆಯಾದಾಗ ದೇಹ ಎಲ್ಲೆಡೆ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಮೂತ್ರಪಿಂಡ ಆಗ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕದಿಂದ ತನ್ನ ಒಳನಾಳವನ್ನು ತೆರೆದಿಟ್ಟುಕೊಳ್ಳುತ್ತದೆ, ಹೊರನಾಳವನ್ನು ಬಿಗಿ ಹಿಡಿಯುತ್ತದೆ. ಐಬುಪ್ರೊಫೆನ್ ನೋವು ಕಡಿಮೆ ಮಾಡುವುದೇ ಪ್ರೊಸ್ಟಾಗ್ಲಾಂಡಿನ್ ತಯಾರಿಯನ್ನು ನಿಲ್ಲಿಸಿ. ಆಸ್ಪಿರಿನ್ ಜಾತಿಯ ಔಷಧಗಳು ಹೀಗೆ ಕೆಲಸ ಮಾಡುತ್ತವೆಂದು ಜಾನ್ ವೇನ್ 1971ರಲ್ಲಿ ತೋರಿಸಿದರು. 1982ರಲ್ಲಿ ನೊಬೆಲ್ ಪಡೆದವರಲ್ಲಿ ಅವರೂ ಒಬ್ಬರು. ಅದು ಮಂಡಿಯಲ್ಲಿ ಮಾತ್ರ ನಿಲ್ಲಿಸುತ್ತದೆ, ಮೂತ್ರಪಿಂಡದಲ್ಲಿ ಬಿಡುತ್ತದೆ ಎಂದಿಲ್ಲ. ಹಾಗೆ ಒಳನಾಳ ಮುದುಡಿತು. ಟೆಲ್ಮಿಸಾರ್ಟಾನ್ ಹೊರನಾಳವನ್ನು ಸಡಿಲಿಸಿತ್ತು. ಮೂರನೆಯದು ಇದ್ದ ನೀರನ್ನೂ ಹೊರಹಾಕುತ್ತಿತ್ತು. ಒತ್ತಡ ನಿಲ್ಲುವುದಾದರೂ ಹೇಗೆ?

ಚೆನ್ನಾಗಿ ನೀರು ಕುಡಿದುಕೊಂಡಿರುವ ಆರೋಗ್ಯವಂತ ಯುವಕ ಅದೇ ಆರು ಮಾತ್ರೆ ತಿಂದರೆ ಬಹುಮಟ್ಟಿಗೆ ಏನೂ ಆಗುವುದಿಲ್ಲ. ಅವನ ಮೂತ್ರಪಿಂಡ ಆ ಹೊತ್ತಿಗೆ ಪ್ರೊಸ್ಟಾಗ್ಲಾಂಡಿನ್‌ಗೆ ಜೋತುಬಿದ್ದಿರುವುದಿಲ್ಲ. "ನಾನೂ ಅದನ್ನೇ ತಿನ್ನುತ್ತೇನಲ್ಲ, ನನಗೆ ಎಂತ ಆಗಿದೆ?" ಎಂದು ಅಣ್ಣ ಕೇಳಿದ್ದು ಇದೇ ಕಾರಣಕ್ಕೆ.

ಆಸ್ಪತ್ರೆಯಲ್ಲಿ ಬಿ.ಪಿ. 94/60, ಕ್ರಿಯಾಟಿನಿನ್ 2.9. ನಾಲ್ಕು ತಿಂಗಳ ಹಿಂದಿನ ವರದಿಯಲ್ಲಿ ಅದು 1.1 ಇತ್ತು, 'ನಾರ್ಮಲ್' ಮಿತಿಯೊಳಗೇ. ನನಗೆ ತಕರಾರು ಇರುವುದು ಆ 'ನಾರ್ಮಲ್' ಮೇಲೆ. ಕ್ರಿಯಾಟಿನಿನ್ ಸ್ನಾಯುಗಳಿಂದ ಬರುತ್ತದೆ. ಒಣಗಿದ ಮುದಿಮೈಯಲ್ಲಿ ಸ್ನಾಯು ಎಷ್ಟಿರುತ್ತದೆ? ವಯಸ್ಸು, ತೂಕ ಹಾಕಿ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರದಲ್ಲಿ ಲೆಕ್ಕ ಮಾಡಿದರೆ 1.1 ಎಂದರೆ ನಿಮಿಷಕ್ಕೆ ಸುಮಾರು 33 ಮಿ.ಲೀ. ಸೋಸುವ ಶಕ್ತಿ. ಯೌವನದಲ್ಲಿ ಅದು ನೂರರ ಆಸುಪಾಸು. ಭೇದಿ ಶುರುವಾಗುವ ಮೊದಲೇ ದೊಡ್ಡಮ್ಮನ ಬಳಿ ಉಳಿದಿದ್ದುದು ಮೂರನೆಯ ಒಂದು ಪಾಲು.

ಡಾಕ್ಟರು ಇಲಿಜ್ವರದ ಪರೀಕ್ಷೆಯನ್ನೂ ಮಾಡಿಸಿದರು. ಕರಾವಳಿಯ ಮಳೆಗಾಲದಲ್ಲಿ ಅದನ್ನು ಬಿಡುವಂತಿಲ್ಲ, ಅದು ತಾನಾಗಿಯೇ ಮೂತ್ರಪಿಂಡಕ್ಕೆ ಕೈಹಾಕುವ ಕಾಯಿಲೆ. ಡೆಂಗಿಯಾದರೆ ಐಬುಪ್ರೊಫೆನ್‌ನಿಂದ ರಕ್ತಸ್ರಾವದ ಭಯ ಬೇರೆ. ಎರಡೂ ಇರಲಿಲ್ಲ. ಸಲೈನ್ ಕೊಟ್ಟು, ನೋವಿನ ಮಾತ್ರೆ, ಬಿ.ಪಿ. ಮಾತ್ರೆ ಎರಡನ್ನೂ ನಿಲ್ಲಿಸಿದರು. ಮರುದಿನ ಮೂತ್ರ ಬಂತು. ದಾದಿ ಅಳತೆಯ ಜಾರಿನಲ್ಲಿ ಹಿಡಿದು ಬರೆಯುತ್ತಿದ್ದರು: ಈ ತೂಕದವರಿಗೆ ಗಂಟೆಗೆ 24 ಮಿ.ಲೀ. ಗಿಂತ ಕಡಿಮೆಯೇ ಆರು ತಾಸು ನಡೆದರೆ ಅದು ತೀವ್ರ ಮೂತ್ರಪಿಂಡ ಹಾನಿಯ ಲಕ್ಷಣ. ಐದನೆಯ ದಿನ ಕ್ರಿಯಾಟಿನಿನ್ 1.8.

ಈಗ ಮನೆಯಲ್ಲಿ ಜ್ವರಕ್ಕೆ ಬರೀ ಪ್ಯಾರಾಸಿಟಮಾಲ್, ಅದೂ ಡಾಕ್ಟರು ಹೇಳಿದ ಲೆಕ್ಕದಲ್ಲಿ. ಸಣಕಲು ಮೈಗೆ ಅದು ಹೆಚ್ಚಾದರೆ ಲಿವರಿಗೆ ಪೆಟ್ಟು. ಭೇದಿಯಾದರೆ ಓಆರ್‌ಎಸ್, ಉಪ್ಪು ಹಾಕಿದ ಕುಚ್ಚಲಕ್ಕಿ ಗಂಜಿತೆಳಿ, ಬಾಯಾರಿಕೆಗೆ ಕಾಯದೆ. ವಯಸ್ಸಾದವರಿಗೆ ಬಾಯಾರಿಕೆ ತಡವಾಗಿ ಗೊತ್ತಾಗುತ್ತದೆ. ಬಿ.ಪಿ. ಮಾತ್ರೆಯನ್ನು ಆ ಎರಡು ದಿನ ತಡೆಯಬೇಕೋ ಬೇಡವೋ ಎಂದು ಅಣ್ಣ ಮೊದಲು ಡಾಕ್ಟರಿಗೆ ಫೋನ್ ಮಾಡುತ್ತಾನೆ.

ಮೂರು ವಾರದ ನಂತರದ ವರದಿ 1.3. ಅದು 1.1ಕ್ಕೆ ಮರಳಲಿಲ್ಲ. ದೊಡ್ಡಮ್ಮನಿಗೆ ಆ ಸಂಖ್ಯೆಯ ಚಿಂತೆ ಇಲ್ಲ. "ಹಾಗಾದರೆ ನನ್ನ ಮಂಡಿಗೆ ಎಂತ ಕೊಡುತ್ತೀರಿ?" ಎಂದು ಕೇಳುತ್ತಾರೆ. ಹಚ್ಚುವ ಜೆಲ್ ರಕ್ತಕ್ಕೆ ಸೇರುವುದು ಬಹಳ ಕಡಿಮೆ, ಡಾಕ್ಟರು ಅದನ್ನು ಬರೆದುಕೊಟ್ಟಿದ್ದಾರೆ. ಮೆಟ್ಟಿಲು ಹತ್ತುವ ದಿನ ಅದು ಸಾಲುವುದಿಲ್ಲ ಎಂದು ಅವರು ನನ್ನ ಬಳಿ ಎರಡು ಸಲ ಹೇಳಿದ್ದಾರೆ.