ಕಾಣುವ 660, ಕಾಣದ 800

2024ರ ಜುಲೈ ಕೊನೆಯ ವಾರ ಸೊಲ್ಲಾಪುರದಿಂದ ಅಕ್ಕನ ಫೋನು ಬಂತು. "ತಮ್ಮಾ, ವರ್ಷ ಮುಗಿದು ತಿಂಗಳ ಮ್ಯಾಲಾತು. ಮತ್ತ ಈ 660 ರೂಪಾಯಿ ಯಾಕ ಹಿಡಕೊಂಡಾರ?"

ಅಕ್ಕ ಮನೆಯಲ್ಲೇ ಜೋಳದ ಕಡಕ್ ರೊಟ್ಟಿ ಮಾಡಿ ಮಾರುತ್ತಾಳೆ. ಹಿಂದಿನ ವರ್ಷದ ಜೂನ್‌ನಿಂದ ತಿಂಗಳ 5ಕ್ಕೆ 5,000 ರೂಪಾಯಿಯನ್ನು ಒಂದು ಈಕ್ವಿಟಿ ಫಂಡಿಗೆ ಕಟ್ಟುತ್ತಿದ್ದಳು. ಮಗಳ ಕಾಲೇಜು ಫೀಗೆ 40,000 ಬೇಕಾಯಿತೆಂದು ಎಲ್ಲವನ್ನೂ ತೆಗೆದಿದ್ದಳು. "ವರ್ಷ ಕಳೆದರೆ ಎಕ್ಸಿಟ್ ಲೋಡ್ ಇಲ್ಲ" ಎಂದು ಹೇಳಿ ಕಟ್ಟಿಸಿದವನು ನಾನೇ. ನಾನು ಹೇಳಿದ್ದು ಅರ್ಧ ಮಾತ್ರ. ಆ ಭಾನುವಾರ ಫ್ಯಾಕ್ಟ್‌ಶೀಟ್ ಪ್ರಿಂಟ್ ತೆಗೆದುಕೊಂಡು ಪುಣೆಯಿಂದ ಹೋದೆ.

ಮೊದಲು 660ರ ಲೆಕ್ಕ. ಆ ಫಂಡಿನಲ್ಲಿ ಒಂದು ವರ್ಷದೊಳಗೆ ಹಣ ತೆಗೆದರೆ ಶೇ. 1 ಎಕ್ಸಿಟ್ ಲೋಡ್. ಆದರೆ ವರ್ಷ ಎಣಿಸುವುದು ಖಾತೆ ತೆರೆದ ದಿನದಿಂದಲ್ಲ, ಒಂದೊಂದು ಕಂತು ಕಟ್ಟಿದ ದಿನದಿಂದ. ಅಕ್ಕ ಕಟ್ಟಿದ್ದು 14 ಕಂತು. ವರ್ಷ ತುಂಬಿದ್ದು 2023ರ ಜೂನ್ ಮತ್ತು ಜುಲೈ ಕಂತುಗಳಿಗೆ ಮಾತ್ರ. ಉಳಿದ 12 ಕಂತುಗಳ ಅಂದಿನ ಬೆಲೆ 66,000 ಆಗಿತ್ತು, ಅದರ ಶೇ. 1 ಅಂದರೆ 660. ಲೋಡ್ ಬೀಳುವುದು ಕಟ್ಟಿದ ಹಣದ ಮೇಲಲ್ಲ, ತೆಗೆಯುವ ದಿನದ ಬೆಲೆಯ ಮೇಲೆ.

ಹಣ ತೆಗೆಯುವಾಗ ಮೊದಲು ಕಟ್ಟಿದ್ದು ಮೊದಲು ಹೋಗುತ್ತದೆ. ಹಳೆಯ ಎರಡು ಕಂತುಗಳ ಬೆಲೆ ಆಗ 12,800 ಆಗಿತ್ತು. ಬೇಕಾದ 40,000 ಮಾತ್ರ ತೆಗೆದಿದ್ದರೆ ಲೋಡ್ ಬೀಳುತ್ತಿದ್ದುದು ಉಳಿದ 27,200ರ ಮೇಲೆ, ಅಂದರೆ 272 ರೂಪಾಯಿ.

"ಆ 660 ಯಾರ ಜೇಬಿಗೆ ಹೋತು?" ಎಂದಳು. ಕಂಪನಿಗಲ್ಲ, ಅದು ಅದೇ ಫಂಡಿಗೆ ಮರಳಿ ಸೇರುತ್ತದೆ, ಉಳಿದವರ ಪಾಲಾಗುತ್ತದೆ ಎಂದೆ. ಅಕ್ಕನಿಗೆ ಸಮಾಧಾನವೇನೂ ಆಗಲಿಲ್ಲ.

ಆಗ ನಾನು ಫ್ಯಾಕ್ಟ್‌ಶೀಟಿನ ಇನ್ನೊಂದು ಸಾಲು ತೋರಿಸಿದೆ: ಎಕ್ಸ್‌ಪೆನ್ಸ್ ರೇಶಿಯೋ, ಶೇ. 1.8. ಫಂಡ್ ನಡೆಸುವವರ ಶುಲ್ಕ, ಏಜೆಂಟರ ಕಮಿಷನ್, ಲೆಕ್ಕಪತ್ರದ ಖರ್ಚು ಎಲ್ಲ ಸೇರಿದ ವಾರ್ಷಿಕ ದರ ಅದು. ಅದನ್ನು 365 ಪಾಲು ಮಾಡಿ ದಿನವೂ ಫಂಡಿನ ಒಟ್ಟು ಹಣದಿಂದ ತೆಗೆಯುತ್ತಾರೆ. ಒಂದು ಲಕ್ಷ ಇದ್ದರೆ ದಿನಕ್ಕೆ ಸುಮಾರು 5 ರೂಪಾಯಿ. ಅಕ್ಕನ ಹಣ ಸ್ವಲ್ಪ ಸ್ವಲ್ಪವೇ ಬೆಳೆದದ್ದರಿಂದ, ಅಷ್ಟೂ ತಿಂಗಳಿಗೆ ಸೇರಿ ಹೋದದ್ದು ಹೆಚ್ಚುಕಡಿಮೆ 800.

"800? ನಂಗ ಎಲ್ಲೂ ಕಾಣಲೇ ಇಲ್ಲಲ್ಲೋ!"

ಕಾಣುವುದಿಲ್ಲ. ಫಂಡಿನಲ್ಲಿರುವ ಷೇರುಗಳ ಅಂದಿನ ಬೆಲೆ ಮತ್ತು ಕೈಯಲ್ಲಿರುವ ಹಣ ಕೂಡಿಸಿ, ಖರ್ಚು ಮತ್ತು ಬಾಕಿ ಕಳೆದು, ಉಳಿದದ್ದನ್ನು ಒಟ್ಟು ಯೂನಿಟ್‌ಗಳಿಗೆ ಭಾಗಿಸಿದರೆ ಬರುವುದೇ ಎನ್‌ಎವಿ. ಅಂದರೆ ನಮ್ಮ ಕಣ್ಣಿಗೆ ಬೀಳುವ ಎನ್‌ಎವಿ ಖರ್ಚು ಕಳೆದ ಮೇಲಿನದು. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗಿರಣ್ಯಾಗ ಬೀಸಿದ್ಹಂಗ. ಬೀಸಿದ ರೊಕ್ಕ ಬ್ಯಾರೆ ಕೇಳ್ತಾರ, ಅದು ಕಾಣತೈತಿ. ಕಲ್ಲಿಗೆ ಹತ್ತಿದ ಹಿಟ್ಟು ಯಾರೂ ತೂಗಂಗಿಲ್ಲ" ಎಂದಳು. ನನ್ನ ವಿವರಣೆಗಿಂತ ಅದು ಚೆನ್ನಾಗಿತ್ತು.

ಹಾಳೆಯಲ್ಲಿ ಅದೇ ಫಂಡಿಗೆ ಎರಡು ಎನ್‌ಎವಿ ಇದ್ದವು: ರೆಗ್ಯುಲರ್ 92, ಡೈರೆಕ್ಟ್ 99. "ಡೈರೆಕ್ಟ್ ತುಟ್ಟಿ ಐತಲ್ಲ?" ಎಂದಳು. ಎಲ್ಲರೂ ಎಡವುವುದು ಇಲ್ಲೇ. ಎನ್‌ಎವಿ ಸೀರೆಯ ಬೆಲೆಯಂತಲ್ಲ. 50,000 ರೂಪಾಯಿಗೆ 10ರ ಎನ್‌ಎವಿಯಲ್ಲಿ 5,000 ಯೂನಿಟ್ ಬರುತ್ತವೆ, 250ರದರಲ್ಲಿ 200. ಎರಡೂ ಫಂಡುಗಳು ಶೇ. 10 ಏರಿದರೆ ಎರಡೂ ಕಡೆ ಆಗುವುದು 55,000ವೇ. ಇಲ್ಲಿ ರೆಗ್ಯುಲರ್ ಮತ್ತು ಡೈರೆಕ್ಟ್ ಎರಡರಲ್ಲೂ ಇರುವುದು ಅದೇ ಷೇರುಗಳು. ಡೈರೆಕ್ಟ್‌ನಲ್ಲಿ ಏಜೆಂಟರ ಕಮಿಷನ್ ಇಲ್ಲದ್ದರಿಂದ ಖರ್ಚು ಶೇ. 0.8. 2013ರಲ್ಲಿ ಡೈರೆಕ್ಟ್ ಪ್ಲಾನ್ ಶುರುವಾದಂದಿನಿಂದ ಹೀಗೆ ಉಳಿದದ್ದೇ ಆ ಅಂತರ.

ಖರ್ಚಿಗೆ ಮುಂಚೆ ವರ್ಷಕ್ಕೆ ಶೇ. 12 ಬೆಳೆಯುತ್ತದೆ ಎಂದಿಟ್ಟುಕೊಂಡರೆ, ಒಂದು ಲಕ್ಷ 20 ವರ್ಷದಲ್ಲಿ ಡೈರೆಕ್ಟ್‌ನಲ್ಲಿ ಸುಮಾರು 8.36 ಲಕ್ಷ, ರೆಗ್ಯುಲರ್‌ನಲ್ಲಿ 6.98 ಲಕ್ಷ. ಅಷ್ಟು ಬೆಳೆದೇ ಬೆಳೆಯುತ್ತದೆ ಎಂದು ಯಾರೂ ಮಾತು ಕೊಡಲಾರರು. ಖರ್ಚು ಮಾತ್ರ ಮಾರುಕಟ್ಟೆ ಬಿದ್ದರೂ ಹೋಗುತ್ತದೆ. ರೆಗ್ಯುಲರ್ ಅಂದರೆ ಮೋಸವೂ ಅಲ್ಲ. ಫಾರ್ಮು ತುಂಬಿ, ನಾಮಿನಿ ಹಾಕಿಸಿ, ಮಾರುಕಟ್ಟೆ ಬಿದ್ದಾಗ ತಡೆದು ನಿಲ್ಲಿಸುವ ಏಜೆಂಟ್ ಇದ್ದರೆ ಆ ಹಣ ಕೂಲಿಯೇ. ಇನ್ನೊಂದು ಎಚ್ಚರ: ಈಗಾಗಲೇ ಇರುವ ರೆಗ್ಯುಲರ್ ಹಣವನ್ನು ಡೈರೆಕ್ಟ್‌ಗೆ ಬದಲಿಸಿದರೆ ಅದು ಮಾರಿ ಕೊಂಡ ಲೆಕ್ಕ. ಎಕ್ಸಿಟ್ ಲೋಡೂ ಬೀಳಬಹುದು, ಲಾಭಕ್ಕೆ ತೆರಿಗೆಯೂ ಬರಬಹುದು.

ಅಕ್ಕ ಫೀ ಕಟ್ಟಿ ಉಳಿದದ್ದರಲ್ಲಿ ಮುಂದಿನ ವರ್ಷದ ಫೀಯನ್ನು ಬ್ಯಾಂಕಿನ ಆರ್‌ಡಿಗೆ ತೆಗೆದಿಟ್ಟಳು. ಇದು ನಾನು ಮೊದಲೇ ಹೇಳಬೇಕಾಗಿದ್ದ ಮಾತು. ಫಂಡಿನ ಕಂತನ್ನು 2,000ಕ್ಕೆ ಇಳಿಸಿ ಡೈರೆಕ್ಟ್‌ನಲ್ಲಿ ಮತ್ತೆ ಶುರು ಮಾಡಿದಳು, ಕಾಗದಪತ್ರ ನನ್ನ ಜವಾಬ್ದಾರಿ. ಬಸ್ಸಿಗೆ ಹೊರಟಾಗ ರೊಟ್ಟಿಯ ಗಂಟು ಕೊಡುತ್ತಾ, "ಈ ಸಲ ಕಲ್ಲಿಗೆ ಎಷ್ಟ್ ಹತ್ತತೈತಿ ಅಂತ ವರ್ಷಾ ಬಂದು ಹೇಳಬೇಕು ನೀ" ಎಂದಳು.