ಸುತ್ತಿನಿಂದ ಹೊರಗುಳಿದ ಘಟಕ

ರಾಕೆಟ್ಟನ್ನು ಹಾರಿಸಿ ನೋಡಿ, ತಪ್ಪು ಕಂಡಲ್ಲಿ ತಿದ್ದಿ, ಅದನ್ನೇ ಮತ್ತೆ ಹಾರಿಸಲು ಸಾಮಾನ್ಯವಾಗಿ ಆಗದು. ಆದುದರಿಂದ ಅದನ್ನು ನಡೆಸುವ ಗಣಕವು ನೆಲದ ಮೇಲಿದ್ದೂ ತಾನು ಹಾರುತ್ತಿರುವೆನೆಂದೇ ನಂಬುವಂತೆ ಮಾಡಬೇಕಾಗುತ್ತದೆ. ಎಂಜಿನಿಯರರು ಈ ಪರೀಕ್ಷೆಯನ್ನು ಹಾರ್ಡ್‌ವೇರ್-ಇನ್-ದ-ಲೂಪ್ ಸಿಮ್ಯುಲೇಶನ್ ಎಂದು ಕರೆಯುತ್ತಾರೆ. ಇದರಲ್ಲಿ ನಿಯಂತ್ರಿಸುವ ಗಣಕವೂ ಅದರೊಳಗಿನ ಪ್ರೋಗ್ರಾಮೂ ನಿಜವಾದವು. ರಾಕೆಟ್ಟು, ಗಾಳಿ, ಗುರುತ್ವಗಳು ಮಾತ್ರ ಇನ್ನೊಂದು ಗಣಕದಲ್ಲಿರುವ ಸಮೀಕರಣಗಳು. ನಿಯಂತ್ರಕವು ನಳಿಕೆಯನ್ನು ಇಷ್ಟು ಡಿಗ್ರಿ ತಿರುಗಿಸೆಂದು ವಿದ್ಯುತ್ ಸಂಕೇತವನ್ನು ಕಳುಹಿಸುತ್ತದೆ. ಎದುರಿನ ಗಣಕವು ಅದನ್ನು ಓದಿ, ರಾಕೆಟ್ಟು ಈಗ ಎಷ್ಟು ವಾಲಿರಬೇಕೆಂದು ಲೆಕ್ಕ ಹಾಕಿ, ಮಾಪಕಗಳು ಕೊಡಬೇಕಾದ ಅಳತೆಗಳನ್ನು ಹಿಂದಿರುಗಿಸುತ್ತದೆ. ಈ ಸುತ್ತು ಸೆಕೆಂಡಿಗೆ ನೂರಾರು ಬಾರಿ ಪೂರ್ಣಗೊಳ್ಳಬೇಕು. ಉತ್ತರ ಸರಿಯಾಗಿದ್ದರೂ ತಡವಾಗಿ ಬಂದರೆ ಅದು ತಪ್ಪು ಉತ್ತರವೇ ಸರಿ.

ಬಯಲಾಟದ ತಾಲೀಮಿನಲ್ಲಿ ಪಾತ್ರಧಾರಿಯೊಬ್ಬನು ಬಾರದಿದ್ದರೆ ಬೇರೊಬ್ಬನು ಪುಸ್ತಕ ಹಿಡಿದು ಅವನ ಮಾತುಗಳನ್ನು ಓದಿಹೇಳುವುದುಂಟು. ಅಂದಿನ ತಾಲೀಮು ಬಂದವರಿಗೆ ಮಾತ್ರ ಪರೀಕ್ಷೆ. ಬಾರದವನಿಗೆ ಮಾತು ನೆನಪಿದೆಯೋ ಇಲ್ಲವೋ ಎಂಬುದು ಅದರಿಂದ ತಿಳಿಯದು. ಈ ವಿಧಾನದ ಶಕ್ತಿಯೂ ಮಿತಿಯೂ ಇದರಲ್ಲಿಯೇ ಅಡಗಿವೆ.

1996ರ ಜೂನ್ 4ರಂದು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಿಂದ ಯುರೋಪಿನ ಏರಿಯಾನ್-5 ರಾಕೆಟ್ಟು ನಾಲ್ಕು ಕ್ಲಸ್ಟರ್ ಉಪಗ್ರಹಗಳನ್ನು ಹೊತ್ತು ಮೊದಲ ಬಾರಿಗೆ ಮೇಲೇರಿತು. ಮುಖ್ಯ ಎಂಜಿನ್ ಹೊತ್ತಿಕೊಂಡ ಸುಮಾರು 37 ಸೆಕೆಂಡುಗಳಲ್ಲಿ ಅದರ ಜಡತ್ವ ಮಾಪಕ ಘಟಕವು ಕೆಲಸ ನಿಲ್ಲಿಸಿತು. ತಿರುಗುವಿಕೆಯನ್ನೂ ವೇಗೋತ್ಕರ್ಷವನ್ನೂ ಅಳೆದು ರಾಕೆಟ್ಟಿನ ಸ್ಥಿತಿಯನ್ನು ಮುಖ್ಯ ಗಣಕಕ್ಕೆ ತಿಳಿಸುವುದು ಈ ಘಟಕದ ಕಾರ್ಯ. ಅದನ್ನು ಏರಿಯಾನ್-4ರಿಂದ ಎತ್ತಿಕೊಳ್ಳಲಾಗಿತ್ತು. ಹೊಸ ರಾಕೆಟ್ಟಿನ ಸಮತಲ ವೇಗವು ಹಳೆಯದಕ್ಕಿಂತ ಐದು ಪಟ್ಟು ಶೀಘ್ರವಾಗಿ ಏರುತ್ತಿತ್ತು. ಆ ವೇಗಕ್ಕೆ ಸಂಬಂಧಿಸಿದ ಒಂದು ಸಂಖ್ಯೆಯನ್ನು ಪ್ರೋಗ್ರಾಮು 32,767ಕ್ಕಿಂತ ದೊಡ್ಡದನ್ನು ಹಿಡಿಯಲಾರದ 16 ಬಿಟ್‌ಗಳ ಸ್ಥಾನಕ್ಕೆ ತುಂಬಲು ಹೋಯಿತು, ಸಂಖ್ಯೆ ಹಿಡಿಸಲಿಲ್ಲ. ಹಾರಾಟ ಆರಂಭವಾದ ಮೇಲೆ ಆ ಲೆಕ್ಕದ ಅಗತ್ಯವೇ ಇರಲಿಲ್ಲವೆಂಬುದು ಹೆಚ್ಚಿನ ವಿಷಾದ. ಇದೇ ಪ್ರೋಗ್ರಾಮನ್ನು ಹೊತ್ತಿದ್ದ ಮೀಸಲು ಘಟಕವು ಒಂದು ಕ್ಷಣ ಮೊದಲೇ ಇದೇ ಕಾರಣದಿಂದ ನಿಂತಿತ್ತು. ಘಟಕವು ಕಳುಹಿಸಿದ ದೋಷಸೂಚನೆಯನ್ನು ಮುಖ್ಯ ಗಣಕವು ಹಾರಾಟದ ಅಳತೆಯೆಂದು ತಿಳಿದು ನಳಿಕೆಗಳನ್ನು ಪೂರ್ಣ ತಿರುಗಿಸಿತು. ರಾಕೆಟ್ಟು ವಾಲಿ, ಗಾಳಿಯ ಒತ್ತಡಕ್ಕೆ ಒಡೆದು ಹೋಯಿತು.

ಹಾರಾಟಕ್ಕೆ ಮುನ್ನ ಫ್ರಾನ್ಸಿನ ಪರೀಕ್ಷಾಗಾರದಲ್ಲಿ ಇಂಥ ಸುತ್ತಿನ ಪರೀಕ್ಷೆಗಳು ನಡೆದಿದ್ದವು. ಮುಖ್ಯ ಗಣಕವು ಅವುಗಳಲ್ಲಿ ಭಾಗವಹಿಸಿತ್ತು. ಜಡತ್ವ ಮಾಪಕ ಘಟಕದ ಜಾಗದಲ್ಲಿ ಮಾತ್ರ ಅದರ ಲೆಕ್ಕದ ಪ್ರತಿರೂಪ ಕುಳಿತಿತ್ತು. ಗಣಿತಜ್ಞ ಝಾಕ್-ಲೂಯಿ ಲಿಯಾನ್ಸರ ಅಧ್ಯಕ್ಷತೆಯ ವಿಚಾರಣಾ ಮಂಡಲಿಯು ಇದರ ಕಾರಣಗಳನ್ನೂ ದಾಖಲಿಸಿದೆ. ಅವು ಅಸಡ್ಡೆಯ ಕಾರಣಗಳಲ್ಲ. ಘಟಕವು ತನ್ನ ಮಟ್ಟದಲ್ಲಿ ಪ್ರತ್ಯೇಕವಾಗಿ ಪರೀಕ್ಷೆಗೊಂಡಿದೆಯೆಂದು ಭಾವಿಸಲಾಗಿತ್ತು. ಕೃತಕ ಸಂಕೇತಗಳಿಂದ ಬೇಕಾದಷ್ಟು ನಿಖರತೆ ಬಾರದೆಂಬ ಶಂಕೆಯಿತ್ತು. ಘಟಕವು 1 ಮಿಲಿಸೆಕೆಂಡಿಗೊಮ್ಮೆ ಲೆಕ್ಕ ಮಾಡುತ್ತಿದ್ದರೆ ಪರೀಕ್ಷಾಗಾರದ ಸುತ್ತು 6 ಮಿಲಿಸೆಕೆಂಡಿನದು. ಇವೆರಡನ್ನು ಜೋಡಿಸುವುದು ತೊಡಕಿನ ಕೆಲಸ. ಆದರೆ ಘಟಕದ ನಿರ್ದಿಷ್ಟ ವಿವರಗಳಲ್ಲಿ ಏರಿಯಾನ್-5ರ ಪಥವನ್ನು ಸೇರಿಸಿಯೇ ಇರಲಿಲ್ಲವಾದ್ದರಿಂದ, ಪ್ರತ್ಯೇಕ ಪರೀಕ್ಷೆಯು ಹೊಸ ಪಥವನ್ನು ಕಂಡಿರಲಿಲ್ಲ. ಸುತ್ತಿನ ಪರೀಕ್ಷೆಯು ಹೊಸ ಪಥವನ್ನು ಕಂಡಿತ್ತು, ನಿಜವಾದ ಘಟಕವನ್ನು ಕಂಡಿರಲಿಲ್ಲ. ಈ ಎರಡು ಪರೀಕ್ಷೆಗಳ ನಡುವಿನ ಕಿರುದಾರಿಯಲ್ಲಿ ದೋಷವು ನುಸುಳಿಹೋಯಿತು.

ಘಟಕವನ್ನು ತಿರುಗುವ ಪೀಠದ ಮೇಲಿರಿಸಿ, ವೇಗೋತ್ಕರ್ಷದ ಸಂಕೇತಗಳನ್ನು ಹೊರಗಿನಿಂದ ಊಡಿದ್ದರೆ ಅದರ ಬಹುಭಾಗವನ್ನು ಸುತ್ತಿನೊಳಗೆ ತರಬಹುದಾಗಿತ್ತೆಂದು ಮಂಡಲಿ ತಿಳಿಸಿತು. ಅಪಘಾತದ ನಂತರ ಆ ಘಟಕದ ಪ್ರೋಗ್ರಾಮನ್ನು ಗಣಕವೊಂದರಲ್ಲಿ ನಡೆಸಿ, ನಿಜವಾದ ಹಾರಾಟದ ಪಥವನ್ನು ಕೊಟ್ಟು ನೋಡಿದಾಗ, ಘಟಕಗಳ ವೈಫಲ್ಯಕ್ಕೆ ಕಾರಣವಾದ ಘಟನೆಗಳ ಸರಣಿ ಯಥಾವತ್ತಾಗಿ ಮರುಕಳಿಸಿತು. ಆಕಾಶದಲ್ಲಿ ಬಯಲಾದ ದೋಷವನ್ನು ಮೇಜಿನ ಮೇಲೆಯೇ ಕಾಣಬಹುದಾಗಿತ್ತು.

ಅಳತೆಯ ಪ್ರತಿರೂಪವು ತಯಾರಕನು ತಿಳಿದಿರುವುದನ್ನಷ್ಟೇ ಆಡಿತೋರಿಸುತ್ತದೆ. ಅವನಿಗೆ ತಿಳಿಯದ ದೋಷವು ಅದರಲ್ಲಿ ಇರಲಾರದು. ಆದ ಕಾರಣ ಪರೀಕ್ಷೆ ಯಶಸ್ವಿಯಾಯಿತೆಂಬ ವರದಿ ಕೈಗೆ ಬಂದಾಗ ಅನುಭವಿ ಎಂಜಿನಿಯರು ಫಲಿತಾಂಶಕ್ಕಿಂತ ಮೊದಲು ಜೋಡಣೆಯ ನಕ್ಷೆಯನ್ನು ತೆರೆಯುತ್ತಾನೆ. ಸುತ್ತಿನಲ್ಲಿ ನಿಜವಾಗಿ ಕುಳಿತವರು ಯಾರು, ಯಾರ ಮಾತನ್ನು ಬೇರೊಬ್ಬರು ಓದಿಹೇಳಿದರು ಎಂಬುದನ್ನು ಗುರುತುಹಾಕಿಕೊಳ್ಳುತ್ತಾನೆ. ಹೀಗೆ ಓದಿಹೇಳಿಸಿದ ಪ್ರತಿಯೊಂದು ಘಟಕಕ್ಕೂ ಬೇರೆಡೆ ಇದೇ ಪಥದ ಮೇಲೆ ಪರೀಕ್ಷೆ ನಡೆದ ದಾಖಲೆ ದೊರೆತ ಬಳಿಕವೇ ಅವನು ಸಹಿ ಹಾಕುತ್ತಾನೆ.